ಹದಿನಾರಕ್ಕೆ ನಾಲ್ಕು ದಾರಿ, ಹದಿನೇಳಕ್ಕೆ ಎರಡೇ

ಮೋಟಾರ್ ರಿವೈಂಡಿಂಗ್ ಅಂಗಡಿಗೆ ಎರಡು ಹಳೆಯ ಡಿಸಿ ಆರ್ಮೇಚರ್‌ಗಳು ಬಂದಿವೆ ಎಂದುಕೊಳ್ಳಿ. ಎರಡೂ ನಾಲ್ಕು ಪೋಲ್‌ನ ಯಂತ್ರಗಳಿಗೆ ಸೇರಿದವು. ಉದ್ದ, ದಪ್ಪ, ತಂತಿಯ ಗೇಜು ಎಲ್ಲ ಒಂದೇ. ಅನುಭವಿ ಮೇಸ್ತ್ರಿ ತಂತಿಯ ಕಡೆ ನೋಡುವ ಮೊದಲು ಕಮ್ಯುಟೇಟರನ್ನು ಕೈಯಲ್ಲಿ ತಿರುಗಿಸುತ್ತಾ ಅದರ ತಾಮ್ರದ ಪಟ್ಟಿಗಳನ್ನು ಎಣಿಸುತ್ತಾನೆ. ಒಂದರಲ್ಲಿ 16 ಪಟ್ಟಿ, ಇನ್ನೊಂದರಲ್ಲಿ 17. ‘ಇದು ಲ್ಯಾಪ್ ಇರಬೇಕು, ಅದು ವೇವ್’ ಎಂದು ಪಕ್ಕಕ್ಕಿಡುತ್ತಾನೆ. ಆಮೇಲೆ ತಂತಿ ಬಿಚ್ಚಿ ನೋಡಿದರೆ ಅವನ ಊಹೆ ಬಹುಮಟ್ಟಿಗೆ ನಿಜವೇ ಆಗಿರುತ್ತದೆ.

ಒಂದು ಪಟ್ಟಿ ಹೆಚ್ಚಾದ ಮಾತ್ರಕ್ಕೆ ಯಂತ್ರದ ಗುಣ ಬದಲಾಗುತ್ತದೆಯೇ? ಬದಲಾಗುತ್ತದೆ, ಅದೂ ಚಿಕ್ಕಪುಟ್ಟ ಬದಲಾವಣೆಯಲ್ಲ. ಒಂದೇ ವೇಗದಲ್ಲಿ ತಿರುಗಿಸಿದರೆ ಮೊದಲನೆಯದು 40 ವೋಲ್ಟ್ ಕೊಡುವ ಕಡೆ ಎರಡನೆಯದು 85 ವೋಲ್ಟ್ ಕೊಡಬಲ್ಲದು. ಕರೆಂಟಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಮೊದಲನೆಯದು 40 ಆಂಪಿಯರ್ ಹೊರುತ್ತದೆ, ಎರಡನೆಯದು 20 ಮಾತ್ರ. ಇದಕ್ಕೆಲ್ಲ ಕಾರಣ ಆರ್ಮೇಚರ್ ಒಳಗೆ ಕರೆಂಟ್ ಎಷ್ಟು ದಾರಿಗಳಲ್ಲಿ ಹಂಚಿ ಹೋಗುತ್ತದೆ ಎಂಬುದು. ಆ ದಾರಿಗಳ ಸಂಖ್ಯೆಯನ್ನು ತೀರ್ಮಾನಿಸುವುದು ಕಾಯಿಲ್‌ನ ಬಾಲ ಯಾವ ಪಟ್ಟಿಗೆ ಬೆಸುಗೆಯಾಗಿದೆ ಎಂಬ ಒಂದೇ ಸಂಗತಿ.

ಮೊದಲು ಕಾಯಿಲ್‌ನಿಂದಲೇ ಶುರು ಮಾಡಬೇಕು. ಆರ್ಮೇಚರ್ ಎಂದರೆ ಕಬ್ಬಿಣದ ತೆಳು ತಗಡುಗಳನ್ನು ಜೋಡಿಸಿ ಮಾಡಿದ ಉರುಳೆ. ಅದರ ಸುತ್ತ ಉದ್ದಕ್ಕೆ ಸ್ಲಾಟ್‌ಗಳು ಇರುತ್ತವೆ. ಅವುಗಳೊಳಗೆ ಕಾಯಿಲ್‌ಗಳನ್ನು ಕೂರಿಸುತ್ತಾರೆ. ಪ್ರತಿ ಕಾಯಿಲ್‌ಗೂ ಎರಡು ಬದಿ. ಒಂದು ಬದಿ ಉತ್ತರ ಪೋಲ್‌ನ ಕೆಳಗಿದ್ದಾಗ ಇನ್ನೊಂದು ಬದಿ ಪಕ್ಕದ ದಕ್ಷಿಣ ಪೋಲ್‌ನ ಕೆಳಗಿರುವಂತೆ ಅಂತರ ಇಟ್ಟಿರುತ್ತಾರೆ. ಆಗ ಎರಡೂ ಬದಿಗಳಲ್ಲಿ ಹುಟ್ಟುವ ವೋಲ್ಟೇಜ್ ಒಂದಕ್ಕೊಂದು ಕೂಡಿಕೊಳ್ಳುತ್ತದೆ. 16 ಸ್ಲಾಟ್, ನಾಲ್ಕು ಪೋಲ್ ಇದ್ದರೆ ಒಂದು ಪೋಲ್‌ನ ಪಾಲಿಗೆ ನಾಲ್ಕು ಸ್ಲಾಟ್ ಬರುತ್ತದೆ. ಹಾಗಾಗಿ 1ನೇ ಸ್ಲಾಟಿನಲ್ಲಿ ಇಳಿದ ಕಾಯಿಲ್ 5ನೇ ಸ್ಲಾಟಿನಲ್ಲಿ ಮೇಲೆ ಬರುತ್ತದೆ. 17 ಸ್ಲಾಟ್ ಇದ್ದರೂ ಹೆಚ್ಚುಕಡಿಮೆ ಇದೇ ಅಂತರ, 1ರಿಂದ 5ಕ್ಕೆ. ಅಂದರೆ ಸ್ಲಾಟಿನೊಳಗೆ ಕಾಯಿಲ್ ಕೂರುವ ರೀತಿಯಲ್ಲಿ ಲ್ಯಾಪ್‌ಗೂ ವೇವ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಇರುವುದು ಕಾಯಿಲ್‌ನ ಎರಡು ತುದಿಗಳು ಕಮ್ಯುಟೇಟರ್ ಕಡೆ ಬಾಗುವಲ್ಲಿ. ಲ್ಯಾಪ್‌ನಲ್ಲಿ ಎರಡೂ ತುದಿಗಳು ಕೈಮುಗಿದಂತೆ ಒಂದರ ಕಡೆಗೊಂದು ವಾಲಿ ಅಕ್ಕಪಕ್ಕದ ಪಟ್ಟಿಗಳಿಗೆ ಸೇರುತ್ತವೆ. ವೇವ್‌ನಲ್ಲಿ ಅವು ಪರಸ್ಪರ ದೂರ ಸರಿದು, ಕಮ್ಯುಟೇಟರಿನ ಹೆಚ್ಚುಕಡಿಮೆ ಎದುರುಬದುರು ಇರುವ ಪಟ್ಟಿಗಳಿಗೆ ಹೋಗುತ್ತವೆ.

ಲ್ಯಾಪ್ ಆರ್ಮೇಚರನ್ನು ಬೆರಳಿಟ್ಟು ಹಿಂಬಾಲಿಸುವುದು ಸುಲಭ. 1ನೇ ಪಟ್ಟಿಯಿಂದ ಹೊರಟ ಕಾಯಿಲ್ 2ನೇ ಪಟ್ಟಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹೊರಟದ್ದು 3ಕ್ಕೆ, ಆಮೇಲೆ 4ಕ್ಕೆ, ಹೀಗೆ ಒಂದೊಂದೇ ಹೆಜ್ಜೆ ಇಡುತ್ತಾ 16ನೇ ಕಾಯಿಲ್ ಮತ್ತೆ 1ನೇ ಪಟ್ಟಿಗೆ ಬಂದು ಸೇರುತ್ತದೆ. ತುದಿಯೂ ಇಲ್ಲ ಮೊದಲೂ ಇಲ್ಲದ ಒಂದು ಬಳೆ ಆದಂತಾಯಿತು. ಈಗ ಬ್ರಷ್‌ಗಳನ್ನು ಇಡೋಣ. ನಾಲ್ಕು ಪೋಲ್ ಇರುವುದರಿಂದ ನಾಲ್ಕು ಬ್ರಷ್. 1ನೇ ಪಟ್ಟಿಯ ಮೇಲೆ ಮೈನಸ್, 5ರ ಮೇಲೆ ಪ್ಲಸ್, 9ರ ಮೇಲೆ ಮೈನಸ್, 13ರ ಮೇಲೆ ಪ್ಲಸ್. ಎರಡು ಪ್ಲಸ್‌ಗಳನ್ನು ಹೊರಗೆ ಒಂದು ತಾಮ್ರದ ಪಟ್ಟಿಯಿಂದ ಕೂಡಿಸಿರುತ್ತಾರೆ, ಮೈನಸ್‌ಗಳನ್ನೂ ಅಷ್ಟೇ.

1ರಿಂದ 5ರವರೆಗೆ ನಾಲ್ಕು ಕಾಯಿಲ್‌ಗಳು ಸಾಲಾಗಿ ನಿಂತಿವೆ. 9ರಿಂದ ಹಿಂದಕ್ಕೆ 5ರವರೆಗೆ ನಾಲ್ಕು, 9ರಿಂದ ಮುಂದಕ್ಕೆ 13ರವರೆಗೆ ನಾಲ್ಕು, 1ರಿಂದ ಹಿಂದಕ್ಕೆ 13ರವರೆಗೆ ಇನ್ನೂ ನಾಲ್ಕು. ಮೈನಸ್‌ನಿಂದ ಪ್ಲಸ್‌ಗೆ ಹೋಗಲು ಕರೆಂಟಿಗೆ ಹೀಗೆ ನಾಲ್ಕು ದಾರಿ ಸಿಕ್ಕಿತು. ಆರು ಪೋಲ್ ಇದ್ದಿದ್ದರೆ ಬ್ರಷ್‌ಗಳು ಆರು, ದಾರಿಗಳೂ ಆರು. ಲ್ಯಾಪ್‌ನಲ್ಲಿ ಪೋಲ್ ಎಷ್ಟೋ ದಾರಿ ಅಷ್ಟು. ಒಂದು ಕಾಯಿಲ್‌ನಲ್ಲಿ ಸರಾಸರಿ 10 ವೋಲ್ಟ್ ಹುಟ್ಟಿದರೆ, ಒಂದು ದಾರಿಯಲ್ಲಿ ನಾಲ್ಕು ಕಾಯಿಲ್ ಇರುವುದರಿಂದ ಹೊರಗೆ ಸಿಗುವುದು 40 ವೋಲ್ಟ್. ಒಂದು ತಂತಿ 10 ಆಂಪಿಯರ್ ತಡೆದುಕೊಂಡರೆ ನಾಲ್ಕು ದಾರಿ ಸೇರಿ 40 ಆಂಪಿಯರ್.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ, ಮುಂದೆ ಇದೇ ತಕರಾರು ತೆಗೆಯುತ್ತದೆ. ಒಂದೊಂದು ದಾರಿಯ ನಾಲ್ಕೂ ಕಾಯಿಲ್‌ಗಳು ಆ ಕ್ಷಣಕ್ಕೆ ಒಂದೇ ಜೋಡಿ ಪೋಲ್‌ಗಳ ಕೆಳಗೆ ಇರುತ್ತವೆ. ಬೇರೆ ಪೋಲ್‌ಗಳ ಕಡೆ ಏನು ನಡೆಯುತ್ತಿದೆ ಎಂಬುದು ಆ ದಾರಿಗೆ ಸಂಬಂಧವಿಲ್ಲ.

ಇನ್ನು ವೇವ್‌ನ ಕಡೆ ಬರೋಣ. ಇಲ್ಲಿನ ಉಪಾಯ ಬೇರೆ. 1ನೇ ಕಾಯಿಲ್ ಮೊದಲ ಉತ್ತರ ಪೋಲ್‌ನ ಕೆಳಗಿದ್ದರೆ, ಅದಕ್ಕೆ ಕೂಡಿಸುವುದು ಪಕ್ಕದ ಕಾಯಿಲನ್ನಲ್ಲ, ಎರಡನೇ ಉತ್ತರ ಪೋಲ್‌ನ ಕೆಳಗೆ ಅಂಥದ್ದೇ ಜಾಗದಲ್ಲಿರುವ ಕಾಯಿಲನ್ನು. ಎರಡರಲ್ಲೂ ವೋಲ್ಟೇಜಿನ ದಿಕ್ಕು ಒಂದೇ ಆಗಿರುವುದರಿಂದ ಅವು ಕೂಡಿಕೊಳ್ಳುತ್ತವೆ. ಉತ್ತರದಿಂದ ಮುಂದಿನ ಉತ್ತರಕ್ಕೆ ಹೋಗಬೇಕಾದರೆ ನಾಲ್ಕು ಪೋಲ್‌ನ ಯಂತ್ರದಲ್ಲಿ ಅರ್ಧ ಸುತ್ತು ಹಾಕಬೇಕು.

16 ಪಟ್ಟಿಗಳಿದ್ದಾಗ ಇದನ್ನು ಮಾಡಿ ನೋಡಿ. ಅರ್ಧ ಸುತ್ತು ಎಂದರೆ 8 ಪಟ್ಟಿಗಳ ಹೆಜ್ಜೆ. 1ರಿಂದ ಹೊರಟು 9ಕ್ಕೆ ಬಂದೆವು. 9ರಿಂದ ಇನ್ನೊಂದು ಹೆಜ್ಜೆ ಇಟ್ಟರೆ 17, ಅಂದರೆ ಮತ್ತೆ 1. ಎರಡೇ ಕಾಯಿಲ್‌ಗೆ ಬಳೆ ಮುಚ್ಚಿಕೊಂಡಿತು! ಎರಡರ ವೋಲ್ಟೇಜೂ ಒಂದೇ ದಿಕ್ಕಿಗಿರುವುದರಿಂದ ಒಳಗೇ ಶಾರ್ಟ್ ಆಗಿ ಕಾಯಿಲ್ ಸುಡುತ್ತದೆ. ಉಳಿದ 14 ಕಾಯಿಲ್‌ಗಳು ಇದಕ್ಕೆ ಸೇರುವ ದಾರಿಯೇ ಇಲ್ಲ.

ಪಟ್ಟಿಗಳನ್ನು 17 ಮಾಡಿದರೆ ಕಥೆ ಬದಲಾಗುತ್ತದೆ. ಅದೇ 8ರ ಹೆಜ್ಜೆ ಇಟ್ಟು 1ರಿಂದ 9ಕ್ಕೆ, 9ರಿಂದ 17ಕ್ಕೆ. ಒಂದು ಪೂರ್ತಿ ಸುತ್ತು ಮುಗಿಯಿತು, ಆದರೆ ಹೊರಟ ಜಾಗಕ್ಕೆ ಬರಲಿಲ್ಲ. 1ರ ಹಿಂದಿನ ಪಟ್ಟಿಗೆ ಬಂದೆವು. ಅಲ್ಲಿಂದ ಮುಂದಿನ ಸುತ್ತು 8, 16. ಆಮೇಲೆ 7, 15. ಹೀಗೆ ಪ್ರತಿ ಸುತ್ತಿಗೂ ಒಂದೊಂದು ಪಟ್ಟಿ ಹಿಂದೆ ಸರಿಯುತ್ತಾ ಹೋಗುತ್ತದೆ. ಪೂರ್ತಿ ಸಾಲು ಬರೆದರೆ ಹೀಗೆ ಕಾಣುತ್ತದೆ:

```
1 → 9 → 17 → 8 → 16 → 7 → 15 → 6 → 14
  → 5 → 13 → 4 → 12 → 3 → 11 → 2 → 10 → 1
```

ಒಂದೂ ಪಟ್ಟಿ ಬಿಟ್ಟುಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಹದಿನೇಳೂ ಕಾಯಿಲ್‌ಗಳು ಒಂದೇ ಬಳೆಯಲ್ಲಿ ಸೇರಿದವು. 8ರ ಬದಲು 9ರ ಹೆಜ್ಜೆ ಇಟ್ಟರೂ ಆಗುತ್ತದೆ. ಆಗ ಸುತ್ತಿಗೊಂದು ಪಟ್ಟಿ ಮುಂದೆ ಸರಿಯುತ್ತದೆ, ಅಷ್ಟೇ. ನಿಯಮವನ್ನು ಸೂತ್ರದಲ್ಲಿ ಹೇಳುವುದಾದರೆ, ಪಟ್ಟಿಗಳ ಸಂಖ್ಯೆಗೆ ಒಂದನ್ನು ಕೂಡಿಸಿಯೋ ಕಳೆದೋ ಪೋಲ್ ಜೋಡಿಗಳ ಸಂಖ್ಯೆಯಿಂದ ಭಾಗಿಸಿದಾಗ ಪೂರ್ಣ ಸಂಖ್ಯೆ ಬರಬೇಕು. ನಾಲ್ಕು ಪೋಲ್ ಎಂದರೆ ಎರಡು ಜೋಡಿ. ಎರಡರಿಂದ ಭಾಗವಾಗಬೇಕಾದರೆ ಪಟ್ಟಿಗಳ ಸಂಖ್ಯೆ ಬೆಸವೇ ಆಗಿರಬೇಕು. ಮೇಸ್ತ್ರಿ ಎಣಿಸಿದ ತಕ್ಷಣ ವೇವ್ ಎಂದು ಹೇಳಿದ್ದರ ಗುಟ್ಟು ಇಷ್ಟೇ.

ಈಗ ಮೇಲಿನ ಸಾಲನ್ನೇ ಇನ್ನೊಮ್ಮೆ ನೋಡಿ. ಮೈನಸ್ ಬ್ರಷ್‌ಗಳು ಕೂರುವುದು 1 ಮತ್ತು 9ರ ಮೇಲೆ. ಸಾಲಿನಲ್ಲಿ ಅವೆರಡೂ ಅಕ್ಕಪಕ್ಕ ಇವೆ. ಪ್ಲಸ್ ಬ್ರಷ್‌ಗಳು 5 ಮತ್ತು 13ರ ಆಸುಪಾಸಿನಲ್ಲಿ. ಅವೂ ಸಾಲಿನಲ್ಲಿ ಅಕ್ಕಪಕ್ಕವೇ. ಕಮ್ಯುಟೇಟರ್ ಮೇಲೆ ಎದುರುಬದುರಾಗಿ ಕೂತ ಎರಡು ಬ್ರಷ್‌ಗಳು ವೈಂಡಿಂಗ್ ಲೆಕ್ಕದಲ್ಲಿ ಒಂದೇ ಜಾಗ ಮುಟ್ಟುತ್ತಿವೆ. ಹಾಗಾಗಿ ಬಳೆ ಎರಡೇ ತುಂಡಾಗುತ್ತದೆ. 9ರಿಂದ ಮುಂದಕ್ಕೆ 5ರವರೆಗೆ 8 ಕಾಯಿಲ್, 1ರಿಂದ ಹಿಂದಕ್ಕೆ 13ರವರೆಗೆ 7 ಕಾಯಿಲ್. ಉಳಿದ ಎರಡು ಆ ಕ್ಷಣ ಬ್ರಷ್‌ಗಳ ನಡುವೆ ಸಿಕ್ಕಿ ದಿಕ್ಕು ಬದಲಿಸಿಕೊಳ್ಳುತ್ತಿರುತ್ತವೆ. ಅವು ಎರಡು ಪೋಲ್‌ಗಳ ನಡುವಿನ ಖಾಲಿ ಜಾಗದಲ್ಲಿ ಇರುವುದರಿಂದ ಅವುಗಳಲ್ಲಿ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. 8ಕ್ಕೂ 7ಕ್ಕೂ ಇರುವ ವ್ಯತ್ಯಾಸದಿಂದ ತೊಂದರೆಯಾಗುವುದಿಲ್ಲ, ಏಕೆಂದರೆ ಹೆಚ್ಚುವರಿ ಕಾಯಿಲ್ ಕೂಡ ಅಂಥ ಖಾಲಿ ಜಾಗದ ಅಂಚಿನಲ್ಲೇ ಇರುತ್ತದೆ.

ಪೋಲ್‌ಗಳನ್ನು ಆರು ಮಾಡಿ, ಎಂಟು ಮಾಡಿ, ಸರಿಯಾದ ಪಟ್ಟಿಗಳ ಸಂಖ್ಯೆ ಆರಿಸಿಕೊಂಡರೆ ವೇವ್‌ನಲ್ಲಿ ದಾರಿ ಎರಡೇ. ಎಷ್ಟು ಪೋಲ್ ಇದ್ದರೂ ಎಲ್ಲ ಪ್ಲಸ್ ಬ್ರಷ್‌ಗಳು ಬಳೆಯ ಒಂದೇ ಮೂಲೆಯನ್ನೂ ಎಲ್ಲ ಮೈನಸ್ ಬ್ರಷ್‌ಗಳು ಇನ್ನೊಂದು ಮೂಲೆಯನ್ನೂ ಮುಟ್ಟುತ್ತವೆ.

ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸೂತ್ರದಲ್ಲಿ ಈ ದಾರಿಗಳ ಸಂಖ್ಯೆ A ಎಂಬ ಅಕ್ಷರವಾಗಿ ಕೂತಿದೆ:

```
E = (P × Φ × Z × N) / (60 × A)
```

P ಪೋಲ್‌ಗಳ ಸಂಖ್ಯೆ, Φ ಒಂದು ಪೋಲ್‌ನ ಕಾಂತೀಯ ಫ್ಲಕ್ಸ್, Z ಸ್ಲಾಟ್‌ಗಳಲ್ಲಿರುವ ಒಟ್ಟು ತಂತಿಗಳು, N ನಿಮಿಷಕ್ಕೆ ಎಷ್ಟು ಸುತ್ತು. ನಮ್ಮ ಯಂತ್ರದಲ್ಲಿ ಪ್ರತಿ ಕಾಯಿಲ್‌ಗೆ 5 ಸುತ್ತು ತಂತಿ ಇದೆ ಎಂದಿಟ್ಟುಕೊಂಡರೆ ಕಾಯಿಲ್‌ಗೆ 10 ತಂತಿ. ಫ್ಲಕ್ಸ್ 0.01 ವೆಬರ್, ವೇಗ 1500. ಲ್ಯಾಪ್‌ನಲ್ಲಿ Z 160, P ಮತ್ತು A ಎರಡೂ 4, ಆದ್ದರಿಂದ E 40 ವೋಲ್ಟ್. ವೇವ್‌ನಲ್ಲಿ Z 170, P 4, A ಮಾತ್ರ 2, ಆದ್ದರಿಂದ 85 ವೋಲ್ಟ್. ಕರೆಂಟ್ 20 ಆಂಪಿಯರ್. ಒಂದರಲ್ಲಿ 1600 ವಾಟ್, ಇನ್ನೊಂದರಲ್ಲಿ 1700. ಹೆಚ್ಚುವರಿ 100 ವಾಟ್ ಬಂದದ್ದು ಹದಿನೇಳನೇ ಕಾಯಿಲ್‌ನಿಂದ, ವೇವ್‌ನ ಮಹಿಮೆಯಿಂದಲ್ಲ. ವೈಂಡಿಂಗ್ ಬದಲಿಸಿದ ಮಾತ್ರಕ್ಕೆ ಯಂತ್ರದ ಶಕ್ತಿ ಹೆಚ್ಚುವುದಿಲ್ಲ. ಅದೇ ಶಕ್ತಿ ಹೆಚ್ಚು ವೋಲ್ಟೇಜಿನಲ್ಲಿ ಬರಬೇಕೋ ಹೆಚ್ಚು ಕರೆಂಟಿನಲ್ಲಿ ಬರಬೇಕೋ ಎಂಬುದಷ್ಟೇ ಬದಲಾಗುತ್ತದೆ.

ಅಂದಹಾಗೆ, ಮನೆಯ ಮಿಕ್ಸಿ ಬಿಚ್ಚಿ ಇದನ್ನು ಹುಡುಕಿದರೆ ಪ್ರಯೋಜನವಿಲ್ಲ. ಅದರ ಮೋಟಾರಿಗೆ ಪೋಲ್‌ಗಳು ಎರಡೇ. ಎರಡು ಪೋಲ್ ಇದ್ದಲ್ಲಿ ಲ್ಯಾಪ್‌ಗೂ ಎರಡು ದಾರಿ, ವೇವ್‌ಗೂ ಎರಡು ದಾರಿ. ನಾಲ್ಕು ಪೋಲ್‌ನಿಂದ ಮೇಲೆ ಮಾತ್ರ ಇವೆರಡರ ಹಾದಿ ಬೇರೆಯಾಗುತ್ತದೆ.

ವೇವ್ ವೈಂಡಿಂಗ್‌ಗೆ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿದ್ದು ಟ್ರಾಮ್‌ಗಳಲ್ಲಿ. ಅಮೆರಿಕದ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ 1888ರಲ್ಲಿ ವಿದ್ಯುತ್ ಟ್ರಾಮ್ ಜಾಲವನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ ಮೇಲೆ ಊರೂರುಗಳಲ್ಲಿ ಟ್ರಾಮ್ ಹಳಿಗಳು ಬಿದ್ದವು. ಮದರಾಸಿನಲ್ಲಿ 1895ರಲ್ಲಿ, ಕಲ್ಕತ್ತೆಯಲ್ಲಿ 1902ರಲ್ಲಿ ವಿದ್ಯುತ್ ಟ್ರಾಮ್ ಓಡಿತು. ಮೇಲಿನ ತಂತಿಯಲ್ಲಿ ಬರುತ್ತಿದ್ದುದು ಸಾಮಾನ್ಯವಾಗಿ 500ರಿಂದ 600 ವೋಲ್ಟ್ ಡಿಸಿ. ಒಂದು ಟ್ರಾಮ್ ಮೋಟಾರಿಗೆ ಬೇಕಾದ ಕರೆಂಟ್ ಕೆಲವೇ ಹತ್ತು ಆಂಪಿಯರ್. ವೋಲ್ಟೇಜ್ ಹೆಚ್ಚು, ಕರೆಂಟ್ ಕಡಿಮೆ ಎಂದಾಗ ಎರಡು ದಾರಿಯ ವೇವ್ ತಾನಾಗಿಯೇ ಹೊಂದುತ್ತದೆ. ಲ್ಯಾಪ್‌ನಲ್ಲಿ ಇದೇ ವೋಲ್ಟೇಜ್ ಬೇಕೆಂದರೆ ಕಾಯಿಲ್‌ಗಳಿಗೆ ಇನ್ನೂ ಸಣ್ಣ ತಂತಿ ಹಾಕಿ ಎರಡರಷ್ಟು ಸುತ್ತಬೇಕು. ತಂತಿ ಸಣ್ಣದಾದಷ್ಟೂ ಸ್ಲಾಟಿನಲ್ಲಿ ತಾಮ್ರಕ್ಕಿಂತ ಇನ್ಸುಲೇಶನ್ನೇ ಹೆಚ್ಚು ಜಾಗ ತಿನ್ನುತ್ತದೆ.

ಆದರೆ ಟ್ರಾಮ್ ಎಂಜಿನಿಯರುಗಳಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬ್ರಷ್‌ಗಳದ್ದು. ಮೋಟಾರು ಗಾಡಿಯ ಅಡಿಯಲ್ಲಿ, ಅಚ್ಚಿನ ಪಕ್ಕದಲ್ಲಿ, ರಸ್ತೆಯ ಧೂಳು ನೀರು ಎರಚುವ ಜಾಗದಲ್ಲಿ ತೂಗಾಡುತ್ತಿತ್ತು. ಅದನ್ನು ಎರಕದ ಪೆಟ್ಟಿಗೆಯೊಳಗೆ ಮುಚ್ಚಿಡಲೇಬೇಕು. ಬ್ರಷ್ ಸವೆದಾಗ ಬದಲಿಸಲು ಇದ್ದ ದಾರಿ ಒಂದೇ, ಗಾಡಿಯ ನೆಲದ ಹಲಗೆ ಎತ್ತಿ ಮೋಟಾರಿನ ಮೇಲ್ಮುಚ್ಚಳ ತೆರೆಯುವುದು. ಅಲ್ಲಿಂದ ಕೈ ಹಾಕಿದರೆ ಕಮ್ಯುಟೇಟರಿನ ಮೇಲರ್ಧ ಮಾತ್ರ ಸಿಗುತ್ತದೆ. ಕೆಳಗಿನ ಬ್ರಷ್‌ಗಳನ್ನು ಮುಟ್ಟಬೇಕಾದರೆ ಮೋಟಾರನ್ನೇ ಇಳಿಸಬೇಕು.

ವೇವ್‌ನಲ್ಲಿ ಎದುರುಬದುರಿನ ಬ್ರಷ್‌ಗಳು ವೈಂಡಿಂಗ್‌ನ ಒಂದೇ ಜಾಗ ಮುಟ್ಟುತ್ತವೆ ಎಂದೆವಲ್ಲ. ಹಾಗಿದ್ದರೆ ಕೆಳಗಿನ ಎರಡು ಬ್ರಷ್‌ಗಳು ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಪೋಲ್‌ನ ಯಂತ್ರದಲ್ಲಿ ಪಕ್ಕಪಕ್ಕದ ಪ್ಲಸ್ ಮೈನಸ್ ಬ್ರಷ್‌ಗಳ ನಡುವೆ ಇರುವುದು ಕಾಲು ಸುತ್ತು ಮಾತ್ರ. ಎರಡನ್ನೂ ಮೇಲ್ಭಾಗದಲ್ಲೇ ಕೂರಿಸಬಹುದು. ಟ್ರಾಮ್ ಮೋಟಾರುಗಳನ್ನು ಹೀಗೆಯೇ ಮಾಡಿದರು. ಪೋಲ್ ನಾಲ್ಕು, ಬ್ರಷ್ ಹೋಲ್ಡರ್ ಎರಡು, ಅವೆರಡೂ ಮುಚ್ಚಳದ ಕೆಳಗೇ. ಲ್ಯಾಪ್‌ನಲ್ಲಿ ಈ ಆಟ ನಡೆಯುವುದಿಲ್ಲ. ನಮ್ಮ 16 ಪಟ್ಟಿಗಳ ಯಂತ್ರದಲ್ಲಿ 13ರ ಮೇಲಿನ ಪ್ಲಸ್ ಬ್ರಷ್ ಎತ್ತಿಬಿಟ್ಟರೆ, ಅದರ ಎರಡೂ ಪಕ್ಕದ ದಾರಿಗಳು ಎರಡು ಮೈನಸ್‌ಗಳ ನಡುವೆ ಎದುರುಬದುರಾಗಿ ತಳ್ಳುತ್ತಾ ನಿಂತುಬಿಡುತ್ತವೆ. ವೋಲ್ಟೇಜ್ 40 ಇದ್ದಹಾಗೆಯೇ ಇರುತ್ತದೆ, ಆದರೆ ಹೊರೆ ಹೊರುವುದು ಉಳಿದ ಎರಡೇ ದಾರಿ. 40 ಆಂಪಿಯರ್ ಎಳೆದರೆ ಅವುಗಳ ತಂತಿಯಲ್ಲಿ ತಲಾ 20 ಹರಿದು ಕಾಯತೊಡಗುತ್ತವೆ.

ಹಾಗಾದರೆ ಲ್ಯಾಪ್ ಯಾಕೆ ಬೇಕು? ಕರೆಂಟ್ ಹೆಚ್ಚಾದಾಗ ಬೇಕೇ ಬೇಕು. ಒಂದು ದಾರಿಯಲ್ಲಿ ಸುಮಾರು 200 ಆಂಪಿಯರ್‌ಗಿಂತ ಹೆಚ್ಚು ಹರಿಸಬಾರದೆಂಬುದು ಡಿಸಿ ಯಂತ್ರಗಳ ವಿನ್ಯಾಸಕಾರರು ಇಟ್ಟುಕೊಂಡ ಒಂದು ಅಂದಾಜು ಮಿತಿ. ಅದಕ್ಕಿಂತ ಹೆಚ್ಚಾದರೆ ಕಾಯಿಲ್ ಬ್ರಷ್‌ನ ಅಡಿಯಲ್ಲಿ ಹಾಯುವ ಆ ಒಂದು ಚೂರು ಹೊತ್ತಿನಲ್ಲಿ ಕರೆಂಟಿನ ದಿಕ್ಕು ತಿರುಗಿಸುವುದು ಕಷ್ಟವಾಗಿ ಕಿಡಿ ಹಾರುತ್ತದೆ. ಎರಡೇ ದಾರಿಯ ವೇವ್‌ಗೆ ಆದ್ದರಿಂದ ಸುಮಾರು 400 ಆಂಪಿಯರ್ ಗಡಿ. 2000 ಆಂಪಿಯರ್ ಕೊಡುವ ಜನರೇಟರ್ ಬೇಕಾದರೆ 10 ಪೋಲ್ ಹಾಕಿ ಲ್ಯಾಪ್ ಸುತ್ತಿ ಹತ್ತು ದಾರಿಗೆ ಹಂಚಬೇಕು. ಎಲೆಕ್ಟ್ರೋಪ್ಲೇಟಿಂಗ್‌ಗೆ ಬಳಸುತ್ತಿದ್ದ ಡೈನಮೋಗಳು ಕೆಲವೇ ವೋಲ್ಟ್‌ನಲ್ಲಿ ಭಾರಿ ಕರೆಂಟ್ ಕೊಡಬೇಕಿತ್ತು, ಅಲ್ಲಿ ಲ್ಯಾಪ್ ಬಿಟ್ಟರೆ ಗತಿಯಿಲ್ಲ.

ವೋಲ್ಟೇಜ್ ಕಡೆಯಿಂದಲೂ ವೇವ್‌ಗೆ ಒಂದು ಗಡಿ ಇದೆ. ಲ್ಯಾಪ್‌ನಲ್ಲಿ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವೆ ಒಂದು ಕಾಯಿಲ್, ಅಂದರೆ 10 ವೋಲ್ಟ್. ನಮ್ಮ ವೇವ್‌ನಲ್ಲಿ 1ನೇ ಪಟ್ಟಿಯಿಂದ ಪಕ್ಕದ 17ಕ್ಕೆ ಹೋಗಬೇಕಾದರೆ 9ರ ಮೂಲಕ ಎರಡು ಕಾಯಿಲ್ ದಾಟಬೇಕು, ಅಲ್ಲಿಗೆ 20 ವೋಲ್ಟ್. ಪಟ್ಟಿಗಳ ನಡುವೆ ಇರುವುದು ತೆಳುವಾದ ಅಭ್ರಕದ ಹಾಳೆ. ಅದರ ಮೇಲೆ ಕಾರ್ಬನ್ ಪುಡಿ ಕೂತಾಗ ಇಷ್ಟು ವೋಲ್ಟೇಜ್ ಸಾಕು, ಕಿಡಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಬ್ಬುತ್ತಾ ಕಮ್ಯುಟೇಟರ್ ಸುತ್ತ ಬೆಂಕಿಯ ಉಂಗುರ ಆಗಬಹುದು.

ಈಗ ಲ್ಯಾಪ್‌ನ ತಕರಾರಿಗೆ ಬರೋಣ. ಯಂತ್ರ ವರ್ಷಗಟ್ಟಲೆ ಓಡಿ ಬೇರಿಂಗ್ ಸವೆಯಿತು ಎನ್ನಿ. ಆರ್ಮೇಚರ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಕೆಳಗಿನ ಪೋಲ್‌ಗಳಿಗೂ ಆರ್ಮೇಚರಿಗೂ ನಡುವಿನ ಗಾಳಿಯ ಸಂದು ಕಿರಿದಾಗಿ ಅಲ್ಲಿ ಫ್ಲಕ್ಸ್ ಹೆಚ್ಚುತ್ತದೆ, ಮೇಲೆ ಕಡಿಮೆಯಾಗುತ್ತದೆ. ಕೆಳಗಿನ ದಾರಿಯಲ್ಲಿ 40ರ ಬದಲು 41 ವೋಲ್ಟ್, ಮೇಲಿನದರಲ್ಲಿ 39. ಒಂದು ವೋಲ್ಟ್ ಯಾವ ಲೆಕ್ಕ ಎನ್ನಿಸಬಹುದು. ಆದರೆ ಒಂದು ಕಾಯಿಲ್‌ನ ರೋಧ 0.02 ಓಮ್ ಇದ್ದರೆ, ನಾಲ್ಕು ಕಾಯಿಲ್‌ನ ದಾರಿಗೆ 0.08 ಓಮ್ ಅಷ್ಟೇ. ಒಂದು ವೋಲ್ಟನ್ನು 0.08ರಿಂದ ಭಾಗಿಸಿದರೆ 12.5 ಆಂಪಿಯರ್! ತಂತಿ ತಡೆಯುವುದೇ 10. ಹೊರಗೆ ಒಂದು ಬಲ್ಬನ್ನೂ ಹಚ್ಚದೆ, ಕೆಳಗಿನ ದಾರಿಯಿಂದ ಬ್ರಷ್ ಮೂಲಕ ಮೇಲಿನ ದಾರಿಗೆ ಈ ಕರೆಂಟ್ ಒಳಗೊಳಗೇ ಸುತ್ತುತ್ತದೆ. ಕಾರ್ಬನ್ ಬ್ರಷ್‌ಗಳ ಸಂಪರ್ಕದಲ್ಲಿ ಬೀಳುವ ವೋಲ್ಟೇಜ್ ಇದನ್ನು ಸಾಕಷ್ಟು ತಗ್ಗಿಸುತ್ತದೆ ನಿಜ, ಆದರೆ ಆ ಭಾರವನ್ನೆಲ್ಲ ಹೊತ್ತ ಬ್ರಷ್ ಕಾಯ್ದು ಬೇಗ ಸವೆಯುತ್ತದೆ. ಲೋಡ್ ಇಲ್ಲದಿದ್ದರೂ ಯಂತ್ರ ಬಿಸಿಯಾಗುವುದು, ಕೆಲವು ಬ್ರಷ್‌ಗಳಲ್ಲೇ ಸದಾ ಕಿಡಿ ಕಾಣುವುದು ಇದರ ಲಕ್ಷಣ. ಅಂಥ ಕಡೆ ಬ್ರಷ್ ಬದಲಿಸುವ ಮೊದಲು ಫೀಲರ್ ಗೇಜ್ ಹಾಕಿ ಎಲ್ಲ ಪೋಲ್‌ಗಳ ಕೆಳಗಿನ ಸಂದನ್ನು ಅಳೆದು ನೋಡಬೇಕು.

ವೇವ್‌ಗೆ ಈ ಕಾಯಿಲೆ ಇಲ್ಲ. ಅದರ ಒಂದೊಂದು ದಾರಿಯೂ ಎಲ್ಲ ಪೋಲ್‌ಗಳ ಕೆಳಗೆ ಹಾದುಹೋಗುತ್ತದೆ. ಒಂದು ಪೋಲ್ ಬಲವಾಗಿ ಇನ್ನೊಂದು ಸೊರಗಿದರೂ ಎರಡು ದಾರಿಗಳ ಪಾಲಿಗೂ ಲಾಭನಷ್ಟ ಸಮ.

ಲ್ಯಾಪ್‌ಗೆ ಹುಡುಕಿದ ಮದ್ದಿಗೆ ಈಕ್ವಲೈಸರ್ ರಿಂಗ್ ಎಂದು ಹೆಸರು. ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಲೆಕ್ಕವನ್ನು ನಾವು ಆಗಲೇ ಮಾಡಿಯಾಗಿದೆ. 16 ಪಟ್ಟಿಗಳಲ್ಲಿ 8ರ ಹೆಜ್ಜೆ ಇಟ್ಟರೆ 1ರಿಂದ 9ಕ್ಕೆ, ಅಲ್ಲಿಂದ ಮತ್ತೆ 1ಕ್ಕೆ ಬರುತ್ತೇವೆ ಎಂದು ನೋಡಿದೆವು. ಅಂದರೆ ಲ್ಯಾಪ್‌ನಲ್ಲಿ 1 ಮತ್ತು 9 ಎರಡು ಉತ್ತರ ಪೋಲ್‌ಗಳಿಗೆ ಸರಿಸಮನಾದ ಜಾಗದಲ್ಲಿವೆ. ಎಲ್ಲ ಪೋಲ್‌ಗಳೂ ಸಮವಾಗಿದ್ದರೆ ಅವುಗಳ ವೋಲ್ಟೇಜ್ ಯಾವಾಗಲೂ ಒಂದೇ. 2 ಮತ್ತು 10, 3 ಮತ್ತು 11 ಕೂಡ ಹಾಗೆಯೇ. ಇಂಥ ಜೋಡಿಗಳನ್ನು ದಪ್ಪ ತಾಮ್ರದ ತುಂಡುಗಳಿಂದ ಆರ್ಮೇಚರ್ ಒಳಗೇ ಕೂಡಿಸಿಬಿಡುತ್ತಾರೆ. ಎಲ್ಲ ಸರಿಯಿದ್ದಾಗ ಅದರಲ್ಲಿ ಕರೆಂಟೇ ಹರಿಯುವುದಿಲ್ಲ. ಬೇರಿಂಗ್ ಸವೆದು ವೋಲ್ಟೇಜ್ ಹೆಚ್ಚುಕಡಿಮೆಯಾದಾಗ, ಸುತ್ತುವ ಕರೆಂಟ್ ಬ್ರಷ್‌ಗಳನ್ನು ಬಿಟ್ಟು ಈ ಅಡ್ಡದಾರಿ ಹಿಡಿಯುತ್ತದೆ. ಜೊತೆಗೆ ಅದು ಬಲವಾದ ಪೋಲನ್ನು ಸ್ವಲ್ಪ ತಗ್ಗಿಸಿ, ಸೊರಗಿದ್ದನ್ನು ಸ್ವಲ್ಪ ಏರಿಸುತ್ತದೆ. ಬಿಸಿ ಪೂರ್ತಿ ಹೋಗುವುದಿಲ್ಲ, ಬ್ರಷ್ ಮಾತ್ರ ಬಚಾವಾಗುತ್ತದೆ. ಈ ಜೋಡಣೆ ಸಾಧ್ಯವಾಗಬೇಕಾದರೆ ಪಟ್ಟಿಗಳ ಸಂಖ್ಯೆ ಪೋಲ್ ಜೋಡಿಗಳಿಂದ ನಿಶ್ಶೇಷವಾಗಿ ಭಾಗವಾಗಬೇಕು. 16 ಎರಡರಿಂದ ಭಾಗವಾಗುತ್ತದೆ. ಲ್ಯಾಪ್‌ಗೆ ಅನುಕೂಲವಾದ ಆ ಭಾಗಾಕಾರವೇ ವೇವ್‌ಗೆ ಶಾರ್ಟ್ ತಂದಿಟ್ಟಿತ್ತು.

ರಿಪೇರಿಗೆ ಕೂತಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲ್ಯಾಪ್‌ನಲ್ಲಿ ಒಂದು ಕಾಯಿಲ್ ತುಂಡಾದರೆ ಅದು ಸೇರಿದ್ದ ಎರಡು ಪಟ್ಟಿಗಳ ನಡುವೆ ಬ್ರಷ್ ದಾಟುವಾಗಲೆಲ್ಲ ಕಿಡಿ ಹಾರಿ, ಅಲ್ಲೊಂದು ಕಪ್ಪು ಸುಟ್ಟ ಗುರುತು ಬೀಳುತ್ತದೆ. ವೇವ್‌ನಲ್ಲಿ 1ರಿಂದ 9ಕ್ಕೆ ಹೋಗುವ ಕಾಯಿಲ್ ತುಂಡಾದರೆ ಗುರುತು ಬೀಳುವುದು ಎರಡು ಕಡೆ. 17 ಮತ್ತು 1ರ ನಡುವೆ ಒಂದು, ಅದಕ್ಕೆ ಎದುರುಬದುರಾಗಿ 9 ಮತ್ತು 10ರ ನಡುವೆ ಇನ್ನೊಂದು. ಅಕ್ಕಪಕ್ಕದ ಪಟ್ಟಿಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾ ಹೋದರೂ ಹೀಗೆಯೇ. ಶಾರ್ಟ್ ಆದ ಒಂದು ಕಾಯಿಲ್ ಲ್ಯಾಪ್‌ನಲ್ಲಿ ಒಂದು ಕಡೆ, ನಾಲ್ಕು ಪೋಲ್‌ನ ವೇವ್‌ನಲ್ಲಿ ಎರಡು ಕಡೆ ಕಡಿಮೆ ರೀಡಿಂಗ್ ತೋರಿಸುತ್ತದೆ. ಇದು ಗೊತ್ತಿಲ್ಲದವರು ಎರಡು ಕಾಯಿಲ್ ಹೋಗಿದೆ ಎಂದು ಗಿರಾಕಿಗೆ ಹೇಳಿಬಿಡುವುದುಂಟು.

ಎಣಿಕೆಯಿಂದ ವೈಂಡಿಂಗ್ ಗುರುತಿಸುವ ಮೇಸ್ತ್ರಿಯೂ ಮೋಸ ಹೋಗುವ ಒಂದು ಸಂದರ್ಭ ಇದೆ. ಕಾರ್ಖಾನೆಯಲ್ಲಿ 16 ಸ್ಲಾಟಿನ ತಗಡುಗಳೇ ರಾಶಿ ಬಿದ್ದಿವೆ, ಬೇಕಾಗಿರುವುದು ವೇವ್. ಹೊಸ ಅಚ್ಚು ಮಾಡಿಸುವ ಬದಲು 15 ಪಟ್ಟಿಗಳ ಕಮ್ಯುಟೇಟರ್ ಹಾಕುತ್ತಾರೆ. 15ಕ್ಕೆ 7ರ ಅಥವಾ 8ರ ಹೆಜ್ಜೆ ಸರಿಹೋಗುತ್ತದೆ. ಸ್ಲಾಟ್‌ಗಳಲ್ಲಿ 16 ಕಾಯಿಲ್‌ಗಳನ್ನೂ ಕೂರಿಸುತ್ತಾರೆ, ಆದರೆ ಒಂದರ ತುದಿಗಳನ್ನು ಕತ್ತರಿಸಿ ಟೇಪ್ ಸುತ್ತಿ ಹಾಗೇ ಬಿಡುತ್ತಾರೆ. ಇದಕ್ಕೆ ಡಮ್ಮಿ ಕಾಯಿಲ್ ಎನ್ನುತ್ತಾರೆ. ಅದು ವೋಲ್ಟೇಜಿಗೆ ಏನೂ ಕೊಡುವುದಿಲ್ಲ, ಇರುವುದು ತೂಕ ಸರಿದೂಗಿಸಲು. ಹಳೆಯ ಆರ್ಮೇಚರ್ ಬಿಚ್ಚುವಾಗ ಅದನ್ನು ಬೆಸುಗೆ ಬಿಟ್ಟುಹೋದ ಕಾಯಿಲ್ ಎಂದುಕೊಂಡು ಹತ್ತಿರದ ಎರಡು ಪಟ್ಟಿಗಳಿಗೆ ಬೆಸೆದರೆ, ವೇವ್‌ನ ಸಾಲಿನಲ್ಲಿ ಜಾಗವೇ ಇಲ್ಲದ ಒಂದು ಕಾಯಿಲ್ ನಡುವೆ ನುಗ್ಗಿ, ಅದರಲ್ಲಿ ಕರೆಂಟ್ ಸುತ್ತತೊಡಗುತ್ತದೆ. ಹೊಸದಾಗಿ ಸುತ್ತುವಾಗ ದಂಡ ಎಂದು ಅದನ್ನು ಬಿಟ್ಟೇಬಿಟ್ಟರೂ ತಪ್ಪು. ಒಂದು ಸ್ಲಾಟ್ ಹಗುರಾಗಿ 1500 ಸುತ್ತಿನ ವೇಗದಲ್ಲಿ ಆರ್ಮೇಚರ್ ನಡುಗುತ್ತದೆ, ಆ ನಡುಕಕ್ಕೆ ಬೇರಿಂಗ್ ಬೇಗ ಹೋಗುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಸ್ಲಾಟ್ ಮತ್ತು ಪಟ್ಟಿ ಎರಡನ್ನೂ ಬೇರೆಬೇರೆಯಾಗಿ ಎಣಿಸಿ, ಪ್ರತಿ ಸ್ಲಾಟಿನಲ್ಲಿ ಎಷ್ಟು ಕಾಯಿಲ್ ಇದೆಯೆಂದು ನೋಡಿ, ಲೆಕ್ಕ ಸರಿಹೋಗದಿದ್ದರೆ ಮಲ್ಟಿಮೀಟರ್ ಹಿಡಿದು ಯಾವ ಪಟ್ಟಿಗೂ ತಾಗದ ಕಾಯಿಲ್ ಎಲ್ಲಿದೆ ಎಂದು ಹುಡುಕಿ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ.